ಮಾರ್ಕೆಟ್ ಬಿಡಬೇಡ, ಊಟ ಬಿಡೋದನ್ನ ಬಿಡು

*ಅಕ್ಕಾ, ನನಗೆ 31 ವರ್ಷ. ಮೈಸೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ನನಗೆ ಆಟಿಸಂ ಇದೆ ಅಂತ ಹೋದ ವರ್ಷ ಗೊತ್ತಾಯಿತು. ಪ್ರತಿ ಗುರುವಾರ ಆಫೀಸು ಮುಗಿಸಿ ಅತ್ತೆ ಜೊತೆ ದೇವರಾಜ ಮಾರ್ಕೆಟ್ಟಿಗೆ ಹೋಗುತ್ತೇನೆ, ಶುಕ್ರವಾರದ ಪೂಜೆಗೆ ಹೂವು ತರಲು. ಮೊನ್ನೆ ಹೂವಿನ ಸಾಲಿನಲ್ಲಿ ಮಾತೇ ಹೊರಡಲಿಲ್ಲ. ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟೆ. ಅತ್ತೆ "ಜನರೆದುರು ಮಾನ ಕಳೆದೆ" ಅಂದರು. ಗಂಡ "ಹೋಗ್ತಾ ಹೋಗ್ತಾ ಅಭ್ಯಾಸ ಆಗುತ್ತೆ" ಅಂತಾರೆ. ಅತ್ತೆಗೆ ಆಟಿಸಂ ವಿಷಯ ಹೇಳಬೇಡ ಅಂತಲೂ ಅಂದಿದ್ದಾರೆ. ಆಫೀಸಿನಲ್ಲಿ ಅಂಥ ತೊಂದರೆ ಇಲ್ಲ. ಕ್ಯಾಂಟೀನಿನ ಗದ್ದಲ ಆಗಲ್ಲ ಅಂತ ಮಧ್ಯಾಹ್ನ ಊಟಕ್ಕೆ ಹೋಗಲ್ಲ, ಕಾಫಿ ಕುಡಿಯುತ್ತೇನೆ, ಅಷ್ಟೇ. ನಾನು ಮಾರ್ಕೆಟ್ ಬಿಟ್ಟುಬಿಡಲೇ?*
*— ಮೈಸೂರಿನ ಓದುಗಿ*

ನೋಡಮ್ಮ, ಕಾಗದದ ತುಂಬಾ ಮಾರ್ಕೆಟ್ಟೇ ಇದೆ. ನನ್ನ ಕಣ್ಣು ನಿಂತಿದ್ದು ಆ ಕ್ಯಾಂಟೀನಿನ ಸಾಲಿನ ಮೇಲೆ. ಬೆಳಿಗ್ಗೆ ತಿಂಡಿ ತಿಂದವಳು ಸಂಜೆಯವರೆಗೆ ಕಾಫಿಯಲ್ಲೇ ಕಳೆದಿದ್ದೀಯ.

ಹೊಟ್ಟೆ ಮೊದಲು, ಮಿಕ್ಕಿದ್ದು ಆಮೇಲೆ ಎಂದು ನಾನು ಬರೆದು ಬರೆದು ಓದುಗರಿಗೆ ಬೇಜಾರಾಗಿರಬಹುದು. ಆದರೆ ನಿನ್ನ ವಿಷಯದಲ್ಲಿ ಅದು ಬರೀ ಅಜ್ಜಿ ಮಾತಲ್ಲ. ಆಟಿಸಂ ಇರುವ ಅನೇಕರಿಗೆ ಹಸಿವು, ಬಾಯಾರಿಕೆ ಹೊತ್ತಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಕೈ ನಡುಗುತ್ತಿರುತ್ತದೆ, ತಲೆ ಸಿಡಿಯುತ್ತಿರುತ್ತದೆ. ಹಸಿದಾಗ ಯಾರಿಗಾದರೂ ಸದ್ದು ಜಾಸ್ತಿ ಚುಚ್ಚುತ್ತದೆ. ನಿನಗಂತೂ ಕೇಳುವುದೇ ಬೇಡ.

ಆಫೀಸಿನಲ್ಲಿ ತೊಂದರೆ ಇಲ್ಲ ಅನ್ನುವುದನ್ನೂ ನಾನು ಒಪ್ಪಲಾರೆ. ಎಸಿಯ ಗುಂಯ್ ಸದ್ದು ಪಕ್ಕದವರ ಮಿದುಳಿಗೆ ಸ್ವಲ್ಪ ಹೊತ್ತಿನಲ್ಲೇ ಒಗ್ಗಿಹೋಗುತ್ತದೆ, ಆಮೇಲೆ ಅವರಿಗೆ ಅದು ಕೇಳಿಸುವುದೇ ಇಲ್ಲ. ಆಟಿಸಂ ಇರುವ ಅನೇಕರಲ್ಲಿ ಈ ಒಗ್ಗಿಕೊಳ್ಳುವ ಕೆಲಸ ತುಂಬಾ ನಿಧಾನ. ಪ್ರಿಂಟರು, ಯಾರದೋ ಫೋನು, ಬಾಗಿಲ ಸದ್ದು ಎಲ್ಲವೂ ಸಂಜೆಯವರೆಗೆ ಹೊಸದಾಗಿಯೇ ಕೇಳುತ್ತಿರುತ್ತವೆ. ಲೆಕ್ಕ ಬರೆಯುವವಳಲ್ವಾ ನೀನು, ಗುರುವಾರ ಬೆಳಗಿನಿಂದ ಖರ್ಚು ಬರೆದು ನೋಡು. ಹೂವಿನ ಸಾಲು ಕೊನೆಯ ಎಂಟ್ರಿ ಮಾತ್ರ. ನಷ್ಟ ಆಗಿದ್ದು ಅದಕ್ಕೂ ಮೊದಲೇ.

ನಿನ್ನ ಸೀಟಿನ ಮೇಲೆ ಹಳೇ ಚೋಕಿನ ಟ್ಯೂಬ್‌ಲೈಟ್ ಇದೆಯಾ ನೋಡು. ನಮ್ಮ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣಿಸದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ. ಅಗ್ಗದ ಎಲ್‌ಇಡಿಗಳಲ್ಲೂ ಕೆಲವು ಹೀಗೇ. ಫೋನಿನಲ್ಲಿ ಸ್ಲೋ ಮೋಷನ್ ಇಟ್ಟು ವಿಡಿಯೋ ಮಾಡು. ಬೆಳಕು ಮಿಣಮಿಣ ಅಂದರೆ, ಪಟ್ಟೆ ಪಟ್ಟೆ ಓಡಿದರೆ, ದೀಪ ಬದಲಿಸಲು ಕೇಳು, ಇಲ್ಲವೇ ಕಿಟಕಿ ಪಕ್ಕಕ್ಕೆ ಹೋಗು. ಅಷ್ಟಕ್ಕೆ ಆಟಿಸಂ ಕಥೆ ಹೇಳಬೇಕಿಲ್ಲ, ತಲೆನೋವು ಅಂದರೆ ಸಾಕು. ಹೇಳುವ ಮನಸ್ಸಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ.

ಅತ್ತೆಯ ಮೇಲೆ ನನಗೆ ಕೋಪವಿಲ್ಲ. ಸೊಸೆ ಇದ್ದಕ್ಕಿದ್ದಂತೆ ನೆಲದ ಮೇಲೆ ಕೂತರೆ, ಕಾರಣ ಗೊತ್ತಿಲ್ಲದ ಹೆಂಗಸು ಇನ್ನೇನು ಹೇಳಿಯಾರು? ನನ್ನ ಕೋಪವೆಲ್ಲ ನಿನ್ನ ಗಂಡನ ಮೇಲೆ. ಕಾರಣ ಗೊತ್ತಿದ್ದೂ ಬಾಯಿ ಮುಚ್ಚಿಸಿದವನು ಅವನು. ಶಬ್ದ, ಬೆಳಕು, ಮುಟ್ಟುವಿಕೆಗಳಿಗೆ ಅತಿಯಾಗಿ ಪ್ರತಿಕ್ರಿಯೆ ಬರುವುದನ್ನು 2013ರಲ್ಲೇ ಅಮೆರಿಕದ ಮನೋವೈದ್ಯರ ಕೈಪಿಡಿ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿದೆ. ಬಲವಂತವಾಗಿ ನಿಲ್ಲಿಸಿದರೆ ಅದು ಅಭ್ಯಾಸವಾಗುವುದಿಲ್ಲ. ಆ ಜಾಗದ ಭಯವೊಂದು ಹೊಸದಾಗಿ ಸೇರಿಕೊಳ್ಳುತ್ತದೆ, ಅಷ್ಟೇ.

ಸರಿ, ಮಾಡಬೇಕಾದ್ದು ಒಂದೇ. ನಾಳೆಯಿಂದ ಹನ್ನೆರಡೂವರೆಗೆ ಊಟ ಮಾಡು. ಕ್ಯಾಂಟೀನ್ ತುಂಬುವ ಮೊದಲು, ಕ್ಯಾಂಟೀನಿನ ಹೊರಗೆ. ಖಾಲಿ ಮೀಟಿಂಗ್ ರೂಮು, ಮೆಟ್ಟಿಲ ಬಳಿ, ಮರದ ಕೆಳಗಿನ ಕಟ್ಟೆ, ಎಲ್ಲಾದರೂ ಸರಿ. ಫೋನಿನಲ್ಲಿ ಅಲಾರಂ ಇಡು. ಹಸಿವಾಗಲಿ ಎಂದು ಕಾಯಬೇಡ, ನಿನಗದು ಗೊತ್ತಾಗುವುದಿಲ್ಲ ಎಂದೆನಲ್ಲ. ವಾಸನೆ ಬರದ, ತಣ್ಣಗಾದರೂ ತಿನ್ನಬಹುದಾದ್ದನ್ನು ಡಬ್ಬಿಗೆ ಹಾಕಿಕೋ. ಮೊಸರನ್ನ ಸಾಕು, ದಿನಾ ಅದೇ ಆದರೂ ಪರವಾಗಿಲ್ಲ. ತಿಂದ ಮೇಲೆ ಹತ್ತು ನಿಮಿಷ ಫೋನೂ ನೋಡದೆ ಸುಮ್ನೆ ಕೂರು.

ಇಷ್ಟಾದ ಮೇಲೆ ಮಾರ್ಕೆಟ್ಟು. ಆಫೀಸಿನಿಂದ ನೇರ ಹೋಗಬೇಡ. ಮನೆಗೆ ಬಂದು ಮುಖ ತೊಳೆದು, ಏನಾದರೂ ತಿಂದು, ಕತ್ತಲ ಕೋಣೆಯಲ್ಲಿ ಅರ್ಧ ಗಂಟೆ ಮಲಗಿ ಆಮೇಲೆ ಹೊರಡು. ಫೋಮಿನ ಇಯರ್‌ಪ್ಲಗ್ ಮೆಡಿಕಲ್ ಸ್ಟೋರಿನಲ್ಲಿ ಕೇಳು. ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನಿಗೆ ದುಡ್ಡು ಸುರಿಯಬೇಡ. ಎಸಿ, ಬಸ್ಸಿನ ಇಂಜಿನ್ ತರಹದ ಒಂದೇ ಸಮನೆಯ ಸದ್ದಿಗೆ ಅದು ಒಳ್ಳೆಯದು. ಬಾಳೆಹಣ್ಣಿನವರ ಕೂಗನ್ನು, ಹಾರನ್ನನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಹೊರಗೇ ನಿಂತರೆ ಪ್ರಯೋಜನವಿಲ್ಲ. ಸಯ್ಯಾಜಿರಾವ್ ರಸ್ತೆ ದಾಟುವಾಗ ಮಾತ್ರ ತೆಗೆದುಬಿಡು. ಮನೆಯಲ್ಲಿ, ಸದ್ದಿಲ್ಲದ ಕಡೆ ಅದನ್ನು ಹಾಕಿಕೊಂಡೇ ಇರಬೇಡ. ಸದ್ದೇ ಕೇಳದಿದ್ದರೆ ಕಿವಿ ಇನ್ನೂ ಸೂಕ್ಷ್ಮವಾಗುತ್ತದೆ. ಸದ್ದಿಗೆ ಕಿವಿಯೇ ನೋಯುತ್ತದೆ ಅನ್ನಿಸಿದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ತೋರಿಸು. ಅಂಥದ್ದು ಊರಲ್ಲೇ ಇದೆ, ನಮ್ಮವರಿಗೆ ನೆನಪಾಗುವುದೇ ಇಲ್ಲ.

ಮಾರ್ಕೆಟ್ಟಿನಲ್ಲಿ ಸುತ್ತಾಟ ಬೇಡ. ಹೂವು ಮೊದಲು, ವೀಳ್ಯದೆಲೆ ಆಮೇಲೆ, ಆಚೆ ಬಾ. ಊದುಬತ್ತಿ, ಸುಗಂಧದ ಎಣ್ಣೆಗಳ ಅಂಗಡಿಗಳ ದಾರಿ ಹಿಡಿಯಬೇಡ. ಚೌಕಾಸಿ ಅತ್ತೆ ಮಾಡಲಿ. ಎರಡು ಮಾರು ಮಲ್ಲಿಗೆಗೆ ಅವರು ಮಾತಾಡುವಷ್ಟು ಹೊತ್ತು ನೀನು ಪಕ್ಕದಲ್ಲಿ ನಿಲ್ಲಬೇಕಿಲ್ಲ. ಚಿಕ್ಕ ಗಡಿಯಾರದ ಹತ್ತಿರ ಸಿಗೋಣ ಎಂದು ಮೊದಲೇ ಮಾತಾಡಿಕೊಳ್ಳಿ.

ನೆಲದ ಮೇಲೆ ಕೂರುವ ಹಂತ ಒಮ್ಮೆಲೇ ಬರುವುದಿಲ್ಲ. ಅದಕ್ಕೆ ಮುಂಚೆ ಅತ್ತೆಯ ಮಾತು ಕೇಳಿಸಿಯೂ ಅರ್ಥವಾಗದೆ ಹೋಗಬಹುದು. ದವಡೆ ಬಿಗಿಯಬಹುದು, ರವಿಕೆಯ ಹೊಲಿಗೆ ಚುಚ್ಚುತ್ತಿದೆ ಅನ್ನಿಸಬಹುದು. ನಿನಗೆ ಯಾವುದು ಮೊದಲು ಬರುತ್ತದೆ ಎಂದು ಗುರುತು ಮಾಡಿಕೋ. ಅದು ಬಂದ ಕೂಡಲೇ ಆಚೆ ನಡೆ, ಹೂವು ಸಿಕ್ಕಿರಲಿ ಬಿಟ್ಟಿರಲಿ. ಆಗ ಮಾತು ಹೊರಡದೆ ಇರಬಹುದು, ಹಾಗಾಗಿ ಅತ್ತೆಯ ಕೈ ಎರಡು ಸಲ ಒತ್ತಿದರೆ "ಹೊರಟೆ" ಎಂದು ತಿಳಿಸಿಟ್ಟಿರು. ಮನೆ ಸೇರಿದ ಮೇಲೆ ಆ ರಾತ್ರಿ ಯಾರೂ ಏನೂ ಕೇಳಬಾರದು.

ಇದೆಲ್ಲ ಆಗಬೇಕಾದರೆ ಅತ್ತೆಗೆ ವಿಷಯ ಗೊತ್ತಿರಬೇಕು. ಹೇಳುವುದು ಗಂಡನ ಕೆಲಸ, ಈ ಭಾನುವಾರ ತಿಂಡಿ ಆದ ಮೇಲೆ. ಹೊಟ್ಟೆ ತುಂಬಿದ ಮೇಲೆಯೇ. "ಅವಳ ಮಿದುಳಿಗೆ ಸದ್ದು ಕಮ್ಮಿ ಮಾಡಿಕೊಳ್ಳಲು ಆಗಲ್ಲ ಅಮ್ಮ, ವರದಿ ಬಂದು ವರ್ಷ ಆಯ್ತು, ನಾನೇ ಹೇಳಬೇಡ ಅಂದಿದ್ದೆ" ಎಂದು ಅವನೇ ಹೇಳಲಿ. ಆ ಕೊನೆಯ ಮಾತನ್ನು ನುಂಗಲು ಬಿಡಬೇಡ.

ಮೂರ್ನಾಲ್ಕು ಗುರುವಾರ ಹೀಗೆ ಮಾಡಿ ನೋಡು. ಹೊಟ್ಟೆ ತುಂಬಿದ್ದೂ, ಕಿವಿಗೆ ಪ್ಲಗ್ ಇದ್ದೂ ಹೂವಿನ ಸಾಲಿನಲ್ಲೇ ದವಡೆ ಬಿಗಿದರೆ ಸಂಜೆಯ ಜನ ನಿನಗೆ ಆಗಿಬರುವುದಿಲ್ಲ ಎಂದರ್ಥ. ಆಗ ಗುರುವಾರದ ಹೂವು ಗಂಡ ತರಲಿ. ನೀನು, ಅತ್ತೆ ಭಾನುವಾರ ಬೆಳಿಗ್ಗೆ ಬೇಗನೆ, ಜನ ಸೇರುವ ಮುಂಚೆ, ತರಕಾರಿಗೆ ಹೋಗಿ ಬನ್ನಿ. ತಿಂಡಿ ತಿಂದುಕೊಂಡು.