ಡಬ್ಬಿ ಹಾಲು ಬದಲಿಸಿದ ಮೇಲೆ ಮಗುವಿಗೆ ಗಟ್ಟಿ ಮಲ. ಇನ್ನು ಯಾವ ಡಬ್ಬಿ ತರಲಿ?

"7 ತಿಂಗಳ ಮಗಳು. ಕಳೆದ ತಿಂಗಳು ಮಣ್ಣಿ ಶುರು ಮಾಡಿದೆವು, ಅದೇ ಹೊತ್ತಿಗೆ ಡಬ್ಬಿ ಹಾಲೂ ಬದಲಾಯಿತು. ಈಗ ಕಕ್ಕ ಗಟ್ಟಿ, ಮುಕ್ಕಿ ಮುಕ್ಕಿ ಅಳುತ್ತಾಳೆ. ಹಾಲಿನಲ್ಲಿರುವ ಕಬ್ಬಿಣದಿಂದ ಹೀಗಾಗುತ್ತಾ? ಯಾವ ಕಂಪನಿಯದ್ದು ತರಲಿ? ನಾವು ಕಾಸರಗೋಡಿನವರು."

ಯಾವುದನ್ನೂ ತರಬೇಡಿ. ಡಬ್ಬಿ ಬಿಟ್ಟು ಮಣ್ಣಿಯ ಬಟ್ಟಲು ನೋಡಿ. ಬಾಳೆಕಾಯಿ ಹುಡಿಯದ್ದಾ?

ನಾವು ಬದಿಯಡ್ಕದ ಕಡೆಯವರು. ನಮ್ಮಲ್ಲಿ ಮಗುವಿಗೆ ಆರು ತಿಂಗಳಾಗುವ ಮೊದಲೇ ಯಾರಾದರೂ ಕುನ್ನನ್ ಬಾಳೆಕಾಯಿಯ ಹುಡಿ ತಂದುಕೊಡುತ್ತಾರೆ. ನನ್ನ ಮಗನಿಗೂ ಅದೇ. ತೆಳ್ಳಗೆ ಮಾಡಿದರೆ ಗಲ್ಲದ ಮೇಲೆ ಇಳಿಯುತ್ತಿತ್ತು, ಗಟ್ಟಿ ಮಾಡಿದರೆ ಚಮಚದಲ್ಲಿ ನಿಲ್ಲುತ್ತಿತ್ತು. ಹಾಗಾಗಿ ಗಟ್ಟಿಯೇ ಮಾಡಿದೆ. ಚೆನ್ನಾಗಿ ತಿನ್ನುತ್ತಾನೆ ಅಂತ ಮೂರು ಹೊತ್ತೂ ಕೊಟ್ಟೆ. ಕಕ್ಕ ಆಡಿನ ಹಿಕ್ಕೆಯ ಹಾಗೆ ಆದಾಗ ನನ್ನ ಕಣ್ಣು ಹೋದದ್ದು ಡಬ್ಬಿಯ ಮೇಲೆ. ಒಂದು ಬದಲಿಸಿದೆ, ಇನ್ನೊಂದು ಬದಲಿಸಿದೆ. ಮಣ್ಣಿ ಮಾತ್ರ ಬಿಡಲಿಲ್ಲ. ಅದು ಹೊಟ್ಟೆಗೆ ತಂಪು ಅಂತ ಎಲ್ಲರೂ ಹೇಳಿದ್ದರಲ್ವಾ!

ಕೊನೆಗೆ ಕಕ್ಕದ ಹೊರಗೆ ಕೆಂಪು ಗೆರೆ ಕಂಡಿತು. ಮಕ್ಕಳ ಡಾಕ್ಟರು ಹಾಲಿನ ಹೆಸರು ಕೇಳಲೇ ಇಲ್ಲ. ಬಟ್ಟಲಲ್ಲಿ ಏನು, ಎಷ್ಟು ಗಟ್ಟಿ, ಹಾಲು ಎಷ್ಟು ಕುಡಿಯುತ್ತಾನೆ, ಇಷ್ಟೇ ಕೇಳಿದರು. ಆಮೇಲೆ, "ಭೇದಿಯಾದರೆ ನಿಮ್ಮ ಮನೆಯಲ್ಲಿ ಏನು ಕೊಡುತ್ತೀರಿ?" ಅಂದರು. ಬಾಳೆಕಾಯಿ ಅಂದೆ. ಅಂದ ಕೂಡಲೇ ನನಗೇ ಗೊತ್ತಾಯಿತು.

ಕಾಯಿಯ ಪಿಷ್ಟದಲ್ಲಿ ಒಂದು ಭಾಗ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಕರುಳು ಉಪ್ಪು, ನೀರನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಭೇದಿಗೆ ಅದು ಮದ್ದು. ಸರಿಯಿರುವ ಹೊಟ್ಟೆಗೆ ಮೂರು ಹೊತ್ತು ಕೊಟ್ಟರೆ ಕಕ್ಕ ಒಣಗುತ್ತದೆ. ಇನ್ನೊಂದು ಪೆಟ್ಟು ನನಗೆ ಕಾಣದೇ ಬಿತ್ತು: ಗಟ್ಟಿ ಮಣ್ಣಿಯಿಂದ ಹೊಟ್ಟೆ ತುಂಬಿ ಹಾಲು ಕಡಿಮೆಯಾಗಿತ್ತು. ಈ ವಯಸ್ಸಿನಲ್ಲಿ ನೀರಿನಂಶ ಬರುವುದೇ ಹೆಚ್ಚಾಗಿ ಹಾಲಿನಿಂದ.

ಹುಡಿ ನಿಲ್ಲಿಸಿದೆವು. ಹಾಲು ಮೊದಲು, ಊಟ ಆಮೇಲೆ. ರಾಗಿ ಮಣ್ಣಿಯನ್ನು ಚಮಚದಿಂದ ಧಾರೆಯಾಗಿ ಬೀಳುವಷ್ಟು ತೆಳ್ಳಗೆ ಮಾಡಿದೆ. ಮಧ್ಯಾಹ್ನ ಹೆಸರುಬೇಳೆ, ಅನ್ನ, ಸಿಹಿಗುಂಬಳ ಒಟ್ಟಿಗೆ ಬೇಯಿಸಿ ಹಿಸುಕಿದ್ದು. ಸಂಜೆ ಹಣ್ಣು ಪಪ್ಪಾಯಿ, ಎರಡು ಮೂರು ಚಮಚ. ಕೆಲವು ದಿನ ಅದರ ಬದಲು ರಾತ್ರಿ ನೆನೆಸಿದ ಒಣದ್ರಾಕ್ಷಿಯನ್ನು ನುಣ್ಣಗೆ ರುಬ್ಬಿ, ಸೋಸಿ ಕೊಟ್ಟೆ. ಪ್ರತಿ ಊಟದ ಜೊತೆ ಕುದಿಸಿ ಆರಿಸಿದ ನೀರು ಕೆಲವು ಗುಟುಕು, ಅಷ್ಟೇ. ನೀರಿನಿಂದಲೇ ಹೊಟ್ಟೆ ತುಂಬಿಸಿದರೆ ಮತ್ತೆ ಹಾಲು ಕಡಿಮೆಯಾಗುತ್ತದೆ.

ಕಕ್ಕ ಮೆತ್ತಗಾದ ಮೇಲೂ ಅವನು ಕಾಲು ನೀಟಿಕೊಂಡು, ಕುಂಡೆ ಬಿಗಿದು ಹಿಡಿದುಕೊಳ್ಳುತ್ತಿದ್ದ. ಗುದದ ಅಂಚಿನಲ್ಲಿ ಸಣ್ಣ ಬಿರುಕಾಗಿತ್ತು, ನೋವಿನ ಹೆದರಿಕೆ. ಹಿಡಿದಷ್ಟೂ ಕಕ್ಕ ಒಳಗೆ ಒಣಗುತ್ತದೆ, ಮತ್ತೆ ಬಿರುಕು ಬಿಡುತ್ತದೆ. ಅದಕ್ಕೆ ಡಾಕ್ಟರು ತೂಕ ನೋಡಿ ಸಿರಪ್ ಬರೆದರು. ಒಂದು ದಿನ ಸರಿಹೋಯಿತು ಅಂತ ಎಲ್ಲ ನಿಲ್ಲಿಸಬೇಡಿ. ಬಿರುಕು ಮಾಗುವ ತನಕ ಕಕ್ಕ ಮೆತ್ತಗೇ ಇರಬೇಕು. ಸಿರಪ್ ನಿಲ್ಲಿಸುವುದನ್ನೂ ಅವರನ್ನೇ ಕೇಳಿ.

ಕಬ್ಬಿಣದ ಮಾತು: ಹಾಲಿನ ಹುಡಿಯಲ್ಲಿ ಸೇರಿಸುವಷ್ಟು ಕಬ್ಬಿಣದಿಂದ ಮಲಬದ್ಧತೆ ಬರುವುದಿಲ್ಲ, ಅದನ್ನು ಪರೀಕ್ಷಿಸಿ ನೋಡಿದ್ದಾರೆ. ಆರು ತಿಂಗಳ ಮೇಲೆ ಮಗುವಿಗೆ ಅದು ಬೇಕೇ ಬೇಕು. ಡಬ್ಬಿಯಲ್ಲಿ ನೋಡಬೇಕಾದ್ದು ಚಮಚ ಒಂದೇ. ಡಬ್ಬಿ ಬದಲಾದರೆ ಅಳತೆ ಚಮಚವೂ ಬದಲಾಗಬಹುದು. ಹಳೆಯದನ್ನು ಹೊಸದರಲ್ಲಿ ಹಾಕಬೇಡಿ. ಮೊದಲು ನೀರು ಅಳೆಯಿರಿ, ಆಮೇಲೆ ಚಪ್ಪಟೆ ಮಾಡಿದ ಚಮಚ, ಡಬ್ಬಿಯಲ್ಲಿ ಬರೆದಷ್ಟೇ. ಗುಡ್ಡೆ ಚಮಚ ಹಾಕಿದರೆ ಹಾಲು ದಪ್ಪವಾಗಿ ಕಕ್ಕವೂ ಗಟ್ಟಿಯಾಗುತ್ತದೆ. ಮೆತ್ತಗಾಗಲಿ ಅಂತ ನೀರು ಜಾಸ್ತಿ ಹಾಕುವುದೂ ಅಪಾಯ.

ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ಹಾಕು, ಸಾಬೂನು ಇಡು ಅಂತ ಹೇಳುವವರು ಮನೆಗೆ ಬಂದೇ ಬರುತ್ತಾರೆ. ನಗುತ್ತಾ ಚಹಾ ಕೊಟ್ಟು ಕಳಿಸಿ. ಬಿರುಕಿರುವಲ್ಲಿ ಕಡ್ಡಿ ಹಾಕಿದರೆ ಏನಾಗಬೇಡ! ಹರಳೆಣ್ಣೆ ಬೇಡ. ಜೇನು ವರ್ಷ ತುಂಬುವ ತನಕ ಬೇಡವೇ ಬೇಡ.

ಎರಡು ದಿನ ಕಕ್ಕ ಮಾಡಲಿಲ್ಲ, ಮಾಡಿದಾಗ ಮೆತ್ತಗಿತ್ತು ಅಂದರೆ ಅದು ಮಲಬದ್ಧತೆಯೇ ಅಲ್ಲ. ಹೊಟ್ಟೆ ಉಬ್ಬಿ ಬಿಗಿಯಾದರೆ, ಹಸಿರು ವಾಂತಿಯಾದರೆ, ಹಾಲು ಬೇಡವೆಂದರೆ ಪಪ್ಪಾಯಿ ಪ್ರಯೋಗ ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹುಟ್ಟಿದಾಗಿನಿಂದಲೇ ಈ ತೊಂದರೆ ಇದ್ದರೆ, ಮೊದಲ ಕಪ್ಪು ಮಲ ಹೋಗುವುದಕ್ಕೇ ಎರಡು ದಿನದ ಮೇಲಾಗಿದ್ದರೆ, ಅದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ.