ಅಂಗೈಯಗಲದ ಪರದೆಗೆ ಎಂಥ ಸಿನಿಮಾ?

ಪ್ರಶ್ನೆ: ಮುಂದಿನ ವಾರ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೇನೆ. ಮನೆಯಲ್ಲಿ ವೈಫೈ ಇಲ್ಲ, ಮೊಬೈಲಿನಲ್ಲಿ ದಿನಕ್ಕೆ 1.5 ಜಿಬಿ ಡೇಟಾ ಅಷ್ಟೇ. ದಾರಿಯಲ್ಲಿ ನೋಡಲು ಎಂಥ ಸಿನಿಮಾ ಆರಿಸಿಕೊಳ್ಳಲಿ?
— ಓದುಗರೊಬ್ಬರು, ತುಮಕೂರು

ಉತ್ತರ: ಕಥೆ ಯಾವುದು ಎನ್ನುವುದಕ್ಕಿಂತ ಮೊದಲು, ಕ್ಯಾಮೆರಾ ಪಾತ್ರಗಳಿಂದ ಎಷ್ಟು ದೂರ ನಿಂತಿದೆ ಎಂಬುದನ್ನು ಗಮನಿಸಿ. 6.5 ಇಂಚಿನ ಮೊಬೈಲನ್ನು ಅಡ್ಡಲಾಗಿ ಹಿಡಿದರೆ ಪರದೆಯ ಅಗಲ ಸುಮಾರು 15 ಸೆಂ.ಮೀ., ಎತ್ತರ 7 ಸೆಂ.ಮೀ.ಗೂ ಕಡಿಮೆ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಮರುಭೂಮಿಯ ಅಂಚಿನಲ್ಲಿ ಚುಕ್ಕೆಯೊಂದು ಮೂಡಿ, ನಿಧಾನವಾಗಿ ಒಂಟೆ ಸವಾರನಾಗಿ ಬೆಳೆಯುವ ಪ್ರಸಿದ್ಧ ದೃಶ್ಯವಿದೆ, ದೊಡ್ಡ ಪರದೆಯಲ್ಲಿ ಮೈ ನವಿರೇಳಿಸುವ ಆ ಚುಕ್ಕೆ ಮೊಬೈಲಿನಲ್ಲಿ ಗಾಜಿನ ಮೇಲಿನ ಧೂಳಿನ ಕಣದಂತೆ ಕಾಣುತ್ತದೆ. ಬಹುತೇಕ ಒಂದೇ ಕೋಣೆಯಲ್ಲಿ ನಡೆಯುವ 1957ರ ‘12 ಆ್ಯಂಗ್ರಿ ಮೆನ್’ ಚಿತ್ರದಲ್ಲಾದರೋ ವಾದ ಬಿಸಿಯೇರಿದಂತೆ ಕ್ಯಾಮೆರಾ ಮುಖಗಳಿಗೆ ಹತ್ತಿರವಾಗುತ್ತ ಹೋಗುವುದರಿಂದ, ಅಂಗೈಯಗಲದಲ್ಲಿಯೂ ಅದರ ಕಾವು ಕಡಿಮೆಯಾಗುವುದಿಲ್ಲ. ಕನ್ನಡದಲ್ಲಿಯೂ ಮನೆಯೊಳಗಿನ, ಮಾತಿನ ಮೇಲೆ ನಡೆಯುವ ಚಿತ್ರಗಳನ್ನೇ ಹುಡುಕಿಕೊಳ್ಳಿ.

ಡೇಟಾ ಉಳಿಸಲು ಕಡಿಮೆ ಗುಣಮಟ್ಟದಲ್ಲಿ ಇಳಿಸಿಕೊಂಡಾಗ ಮೊದಲು ಕೆಡುವುದು ಕತ್ತಲೆ, ಮಳೆ, ಹೊಗೆ ಮತ್ತು ಜನಜಂಗುಳಿಯ ದೃಶ್ಯಗಳು. ಕ್ಷಣಕ್ಷಣಕ್ಕೂ ಬದಲಾಗುವ ಸಣ್ಣ ವಿವರಗಳನ್ನು ಅಷ್ಟು ಕಡಿಮೆ ಡೇಟಾದಲ್ಲಿ ಹಿಡಿದಿಡಲಾಗದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಇನ್ನು ಹಗಲು ಹೊತ್ತು ಕಿಟಕಿ ಪಕ್ಕ ಕುಳಿತು ಕತ್ತಲೆಯ ಚಿತ್ರ ಹಚ್ಚಿದರೆ, ನಾಯಕನಿಗಿಂತ ನಿಮ್ಮ ಮುಖವೇ ಹೆಚ್ಚು ಕಾಣುತ್ತದೆ! ಆದ್ದರಿಂದ ಇಳಿಸಿಕೊಳ್ಳುವ ಮುನ್ನ ಟ್ರೇಲರನ್ನು 480p ಗುಣಮಟ್ಟದಲ್ಲಿ, ಮನೆಯಂಗಳದ ಬೆಳಕಿನಲ್ಲಿ ನೋಡಿ. ಯಾರು ಯಾರೆಂದು ಗುರುತು ಹತ್ತದಿದ್ದರೆ ಆ ಚಿತ್ರವನ್ನು ಮನೆಗೆ ಮರಳಿದ ಮೇಲೆ ನೋಡಲು ಇಟ್ಟುಕೊಳ್ಳಿ. ಗಾಲಿಗಳ ಸದ್ದಿನಲ್ಲಿ ಮೆಲುಮಾತು ಕೇಳಿಸದು. ಕನ್ನಡ ಚಿತ್ರವೇ ಆದರೂ ಸಬ್‌ಟೈಟಲ್ ಇದ್ದರೆ ಅನುಕೂಲ.

480p ಮಟ್ಟದಲ್ಲಿ ಎರಡು ಗಂಟೆಯ ಚಿತ್ರಕ್ಕೆ ಸುಮಾರು 600 ಎಂಬಿ ಬೇಕೆಂದು ಇಟ್ಟುಕೊಳ್ಳೋಣ. ನಿಮ್ಮ ದಿನದ ಡೇಟಾದಲ್ಲಿ ಎರಡು ಚಿತ್ರ ಇಳಿಸಿದರೂ 300 ಎಂಬಿ ಮಿಗುತ್ತದೆ. ದಿನದ ಮಿತಿ ನಡುರಾತ್ರಿಗೆ ಹೊಸದಾಗುವ ಪ್ಲ್ಯಾನ್ ನಿಮ್ಮದಾಗಿದ್ದರೆ, ಹೊರಡುವ ಹಿಂದಿನ ರಾತ್ರಿ ಹನ್ನೆರಡಕ್ಕೆ ಮೊದಲು ಎರಡು, ಹನ್ನೆರಡು ಕಳೆದ ಮೇಲೆ ಎರಡು ಇಳಿಸಿಕೊಳ್ಳಬಹುದು. ಎರಡು ರಾತ್ರಿ, ನಡುವೆ ಒಂದು ಇಡೀ ಹಗಲಿನ ಆ ಪ್ರಯಾಣಕ್ಕೆ ನಾಲ್ಕು ಚಿತ್ರ ಧಾರಾಳವಾಯಿತು. ದಾರಿಯಲ್ಲಿ ಇಳಿಸಿಕೊಳ್ಳೋಣವೆಂದು ಬಿಡಬೇಡಿ. ಊರುಗಳ ನಡುವೆ ಸಿಗ್ನಲ್ ಕೈಕೊಡುತ್ತದೆ.

ಕೊನೆಯದಾಗಿ, ಮನೆ ಬಿಡುವ ಮುನ್ನ ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ ನಾಲ್ಕೂ ಚಿತ್ರಗಳನ್ನು ಒಂದೊಂದು ನಿಮಿಷ ಓಡಿಸಿ ನೋಡಿ. ಅರ್ಧಕ್ಕೆ ನಿಂತ ಡೌನ್‌ಲೋಡ್, ಅವಧಿ ಮುಗಿದ ಚಂದಾ ಎರಡೂ ಆಗಲೇ ಗೊತ್ತಾಗುತ್ತವೆ. ಕೆಲವು ಆ್ಯಪ್‌ಗಳಲ್ಲಿ ಒಮ್ಮೆ ನೋಡಲು ಶುರುಮಾಡಿದ ಚಿತ್ರವನ್ನು 48 ಗಂಟೆಯೊಳಗೆ ಮುಗಿಸಬೇಕಾಗುತ್ತದೆ. ಅಂಥ ಆ್ಯಪ್ ನಿಮ್ಮದಾಗಿದ್ದರೆ ಈ ಪರೀಕ್ಷೆಯನ್ನು ಹೊರಡುವ ದಿನವೇ ಮಾಡಿ.