ಕ್ಲೋಸಪ್‌ನಲ್ಲಿ ಅಜ್ಜಿಯ ಕೈ

"ಕೋಲಾರದ ಮಂಡಿಯಲ್ಲಿ ಟೊಮೆಟೊ ರೇಟು ಬಿದ್ದಿದ್ದು ಕೇಳಿ ಅಜ್ಜಿ ಕೆನ್ನೆಗೆ ಕೈ ಕೊಟ್ಟು ಕೂರೋ ಕ್ಲೋಸಪ್ ಚಿತ್ರ ಬರೀತಿದ್ದೀನಿ. ಮುಖ ಸರಿ ಬಂದಿದೆ, ಕೈ ಮಾತ್ರ ಮರದ ಕೈ ತರ ಕಾಣುತ್ತೆ. ಏನು ಮಾಡಲಿ?"

ನಿಮ್ಮ ಚಿತ್ರದಲ್ಲಿ ನಾಲ್ಕೂ ಬೆರಳು ಒಂದೇ ಅಂತರದಲ್ಲಿ, ಒಂದೇ ತರ ಬಗ್ಗಿರಬಹುದು. ಜೊತೆಗೆ ಕೈ ಕೆನ್ನೆಯನ್ನು ಸುಮ್ನೆ ಮುಟ್ಟುತ್ತಿದೆ, ಒತ್ತುತ್ತಿಲ್ಲ. ಚಿತ್ರ ನೋಡದೆ ಹೇಳುತ್ತಿದ್ದೇನೆ, ಆದರೆ ಸಾಮಾನ್ಯವಾಗಿ ಕಾರಣ ಇವೇ.

ಬೆರಳು ಅಳಿಸಿ, ಅಂಗೈಯಿಂದ ಶುರು ಮಾಡಿ. ಅಂಗೈ ಬುಡ ಗದ್ದದ ಹತ್ತಿರ ಇದ್ದರೆ ನಡುಬೆರಳ ತುದಿ ಹೆಚ್ಚುಕಡಿಮೆ ಹಣೆ ಮಧ್ಯಕ್ಕೆ ಬರಬೇಕು. ಗೆಣ್ಣುಗಳನ್ನು ನೇರ ಗೆರೆಯಲ್ಲಿ ಇಡಬೇಡಿ, ಕಮಾನಿನಂತೆ ಬಾಗಲಿ. ಆಮೇಲೆ ನಡುಬೆರಳು, ಉಂಗುರಬೆರಳು ಎರಡನ್ನೂ ಅಂಟಿಸಿ ಒಂದೇ ಆಕಾರವಾಗಿ ಬರೆಯಿರಿ. ತೋರುಬೆರಳು ಸ್ವಲ್ಪ ದೂರ, ಕಿರುಬೆರಳು ಜಾಸ್ತಿ ಮಡಚಿರಲಿ. ಹೆಬ್ಬೆರಳು ಕೊನೆಗೆ, ದವಡೆ ಕೆಳಗೆ.

ಮುಖ್ಯವಾದದ್ದು ಒತ್ತಡ. ಅಜ್ಜಿಯ ಕೆನ್ನೆ ಸಡಿಲ ಅಲ್ವಾ, ಕೈ ಒತ್ತಿದ ಕಡೆ ಚರ್ಮ ಮೇಲೆ ಸರಿದು ಕಣ್ಣಿನ ಕೆಳಗೆ ಮಡಿಕೆ ಬೀಳಬೇಕು. ಆ ಕಡೆಯ ಬಾಯಿ ತುದಿಯೂ ಎಳೆದಂತಿರಲಿ. ಇಷ್ಟು ಮಾಡಿದರೆ ತಲೆಯ ಭಾರ ಕೈ ಮೇಲೆ ಬಿದ್ದದ್ದು ಗೊತ್ತಾಗುತ್ತೆ.

ಪೂರ್ತಿ ಆಕೃತಿಗೆ ಕಪ್ಪು ತುಂಬಿ ನೋಡುವ ಪರೀಕ್ಷೆ ಇಲ್ಲಿ ಕೆಲಸ ಮಾಡಲ್ಲ, ಕೈ ಮುಖದೊಳಗೇ ಕರಗಿಹೋಗುತ್ತೆ. ಕೈಗೆ ಮಾತ್ರ ಕಪ್ಪು ತುಂಬಿ, ಚಿತ್ರವನ್ನು ಚಿಕ್ಕದು ಮಾಡಿ ನೋಡಿ. ಬಾಚಣಿಗೆ ತರ ಕಂಡರೆ ಇನ್ನೊಂದು ಬೆರಳನ್ನೂ ಪಕ್ಕದ ಬೆರಳಿಗೆ ಅಂಟಿಸಿ.